ರೆಕ್ಕೆ ಹಿಂದಕ್ಕೆ ವಾಲಿದ್ದು ಯಾಕೆ?

ಹುಬ್ಬಳ್ಳಿ ವಿಮಾನ ನಿಲ್ದಾಣದಲ್ಲಿ ಎಟಿಆರ್-72 ಮತ್ತು ಏರ್‌ಬಸ್ ಎ320 ಒಟ್ಟಿಗೆ ಕಣ್ಣಿಗೆ ಬಿದ್ದರೆ ಅವುಗಳ ರೆಕ್ಕೆ ನೋಡಿ. ಪ್ರೊಪೆಲರ್‌ನ ಎಟಿಆರ್‌ನ ರೆಕ್ಕೆ ಹೆಚ್ಚುಕಡಿಮೆ ನೇರ. ಜೆಟ್ ಎಂಜಿನ್ನಿನ ಏರ್‌ಬಸ್‌ನದು 25 ಡಿಗ್ರಿ ಹಿಂದಕ್ಕೆ ವಾಲಿದೆ. ಬಾಣದಂತಿದ್ದರೆ ಗಾಳಿ ಸುಲಭವಾಗಿ ಸೀಳುತ್ತದೆ ಎಂಬ ಉತ್ತರ ಎಲ್ಲೆಡೆ ಓಡಾಡುತ್ತಿದೆ, ಆದರೆ ಅದು ಸರಿಯಲ್ಲ. ಹಾಗಿದ್ದಿದ್ದರೆ ಎಟಿಆರ್‌ಗೂ ಅದೇ ರೆಕ್ಕೆ ಇರಬೇಕಿತ್ತು.

ತೊಂದರೆ ಹುಟ್ಟುವುದು ರೆಕ್ಕೆಯ ಬೆನ್ನಿನ ಮೇಲೆ. ಉಬ್ಬಿದ ಬೆನ್ನು ದಾಟುವಾಗ ಗಾಳಿ ವಿಮಾನಕ್ಕಿಂತ ವೇಗವಾಗಿ ಓಡುತ್ತದೆ. ಹೀಗಾಗಿ ವಿಮಾನ ಇನ್ನೂ ಧ್ವನಿವೇಗ ಮುಟ್ಟಿರದಿದ್ದರೂ ಬೆನ್ನಿನ ಮೇಲಿನ ಗಾಳಿ ಅದನ್ನು ದಾಟಿಬಿಡುತ್ತದೆ. ಆ ಗಾಳಿ ಮತ್ತೆ ನಿಧಾನವಾಗುವುದು ಮೆಲ್ಲಗಲ್ಲ, ಒಂದೇ ಏಟಿಗೆ. ಒತ್ತಡ ಥಟ್ಟನೆ ಏರುವ ಆ ಗೆರೆಯೇ ಆಘಾತ ತರಂಗ. ಅದು ಬಲವಾದರೆ ಅದರ ಹಿಂದೆ ಗಾಳಿಯ ಪದರ ರೆಕ್ಕೆಯಿಂದ ಕಿತ್ತುಕೊಳ್ಳುತ್ತದೆ, ರೆಕ್ಕೆ ನಡುಗುತ್ತದೆ, ಎಳೆತ ಒಮ್ಮೆಗೇ ಏರುತ್ತದೆ. ಎಂಜಿನ್ ಎಷ್ಟು ದೂಡಿದರೂ ಇಂಧನ ಸುಡುತ್ತದೆಯೇ ಹೊರತು ವೇಗ ಹೆಚ್ಚುವುದಿಲ್ಲ. ಸೂರ್ಯ ನೆತ್ತಿಯ ಮೇಲಿದ್ದಾಗ ಕಿಟಕಿ ಪಕ್ಕ ಕೂತವರಿಗೆ ಈ ತರಂಗ ಒಮ್ಮೊಮ್ಮೆ ರೆಕ್ಕೆಯ ಮೇಲೆ ಅಲುಗುವ ಸಣ್ಣ ನೆರಳುಗೆರೆಯಾಗಿ ಕಾಣುವುದುಂಟು. ಧ್ವನಿವೇಗದ ಅರ್ಧವನ್ನೂ ಮುಟ್ಟದ ಎಟಿಆರ್‌ಗೆ ಈ ತಾಪತ್ರಯವೇ ಇಲ್ಲ.

ಪರಿಹಾರದ ಎಳೆ 1935ರಷ್ಟು ಹಳೆಯದು. ಆ ವರ್ಷ ರೋಮ್‌ನಲ್ಲಿ ನಡೆದ ವೋಲ್ಟಾ ಸಮ್ಮೇಳನದಲ್ಲಿ ಜರ್ಮನಿಯ ಅಡಾಲ್ಫ್ ಬುಸೆಮನ್ ಹಿಂದಕ್ಕೆ ವಾಲಿದ ರೆಕ್ಕೆಯ ಲೆಕ್ಕ ಮಂಡಿಸಿದರು. ಧ್ವನಿಗಿಂತ ವೇಗದ ವಿಮಾನದ ಮಾತು ಅದು. ಅಂಥ ವಿಮಾನವೇ ಇಲ್ಲದ ಕಾಲದಲ್ಲಿ ಕೇಳಿದವರು ಮರೆತರು. ಧ್ವನಿವೇಗದ ಹತ್ತಿರ, ಅದಕ್ಕಿಂತ ಕೆಳಗೂ ಇದರಿಂದ ಲಾಭವಿದೆ ಎಂಬುದನ್ನು 1939ರ ಹೊತ್ತಿಗೆ ಗೋಟಿಂಗನ್‌ನಲ್ಲಿ ಆಲ್ಬರ್ಟ್ ಬೆಟ್ಜ್ ಗುರುತಿಸಿದರು. ಅಮೆರಿಕದ ರಾಬರ್ಟ್ ಜೋನ್ಸ್ 1945ರ ಆರಂಭದಲ್ಲಿ ತಮ್ಮದೇ ದಾರಿಯಲ್ಲಿ ಇದೇ ತೀರ್ಮಾನಕ್ಕೆ ಬಂದರು. ಅವರನ್ನು ಮೊದಲು ಅನುಮಾನದಿಂದ ನೋಡಲಾಯಿತು. ಅದೇ ಮೇ ತಿಂಗಳಲ್ಲಿ, ಸೋತ ಜರ್ಮನಿಯ ಪ್ರಯೋಗಾಲಯದ ಕಡತಗಳನ್ನು ಕಂಡ ಬೋಯಿಂಗ್‌ನ ಜಾರ್ಜ್ ಶೈರರ್ ಸಿಯಾಟಲ್‌ಗೆ ಪತ್ರ ಬರೆದರು. ನೇರ ರೆಕ್ಕೆಯ ಜೆಟ್ ಬಾಂಬರ್‌ನ ನಕ್ಷೆ ಬದಲಾಯಿತು. 35 ಡಿಗ್ರಿ ವಾಲಿದ ರೆಕ್ಕೆಯ ಬಿ-47 ಹಾರಿದ್ದು 1947ರ ಡಿಸೆಂಬರ್ 17ರಂದು. ಯಾರು ಮೊದಲು ಎಂಬ ಜಗಳ ಇನ್ನೂ ನಡೆದಿದೆ. ಈ ಲೆಕ್ಕ ಹತ್ತು ವರ್ಷ ಕಡತದಲ್ಲಿ ಕೊಳೆತದ್ದೇ ನನಗೆ ಅದಕ್ಕಿಂತ ದೊಡ್ಡ ಸಂಗತಿ.

ಲೆಕ್ಕ ನಮ್ಮ ಹೊಲದಲ್ಲೇ ಇದೆ. ತುಂಬಿದ ಚಕ್ಕಡಿ ಒಡ್ಡು ದಾಟಬೇಕಾದರೆ ನೇರ ಹೊಡೆಯುವುದಿಲ್ಲ, ಓರೆಯಾಗಿ ಹತ್ತಿಸುತ್ತಾರೆ. ಒಡ್ಡಿನ ಎತ್ತರ ಅಷ್ಟೇ ಇದ್ದರೂ ಏರು ಉದ್ದವಾಗಿ ಸಡಿಲಾಗುತ್ತದೆ. ವಾಲಿದ ರೆಕ್ಕೆಯ ಉಬ್ಬನ್ನು ಗಾಳಿಯೂ ಹೀಗೆ ಓರೆಯಾಗಿ ದಾಟುತ್ತದೆ. ಗಾಳಿಯ ವೇಗವನ್ನು ಎರಡಾಗಿ ಒಡೆದು ನೋಡಿದರೆ, ರೆಕ್ಕೆಯ ಉದ್ದಕ್ಕೂ ಜಾರುವ ಪಾಲಿನಿಂದ ಒತ್ತಡ ಬದಲಾಗುವುದಿಲ್ಲ. ರೆಕ್ಕೆಯ ಅಂಚಿಗೆ ಲಂಬವಾಗಿ ಬರುವ ಪಾಲಿಗಷ್ಟೇ ಉಬ್ಬಿನ ಅರಿವಾಗುತ್ತದೆ.

ಎ320 ಸುಮಾರು 11 ಕಿಲೋಮೀಟರ್ ಎತ್ತರದಲ್ಲಿ ಹಾರುತ್ತದೆ ಎನ್ನಿ. ಅಲ್ಲಿನ ಚಳಿಯಲ್ಲಿ ಧ್ವನಿವೇಗ ಗಂಟೆಗೆ ಸುಮಾರು 1,062 ಕಿ.ಮೀ. ವಿಮಾನದ್ದು ಅದರ 0.78 ಪಾಲು, ಅಂದರೆ 828. 25 ಡಿಗ್ರಿಯ ಕೊಸೈನ್ 0.906ರಿಂದ ಗುಣಿಸಿದರೆ ಲಂಬದ ಪಾಲು 750, ಧ್ವನಿವೇಗದ 0.71. ಇಷ್ಟು ಪೂರ್ತಿ ಲಾಭ ಕಾಗದದ ಮೇಲೆ ಮಾತ್ರ. ರೆಕ್ಕೆ ಒಡಲಿಗೆ ಸೇರುವ ಬುಡದಲ್ಲಿ ಗಾಳಿ ಒಡಲಿನ ಗುಂಟ ನೇರವಾಗಿಯೇ ಹೋಗಬೇಕಾದ್ದರಿಂದ ಅಲ್ಲಿ ವಾಲಿಕೆಯ ಪರಿಣಾಮ ಸೋರಿಹೋಗುತ್ತದೆ. ಬುಡದ ಆಕಾರವನ್ನು ಬೇರೆಯಾಗಿಯೇ ತಿದ್ದಬೇಕಾಗುತ್ತದೆ.

ಬೆಲೆ ತೆರುವುದು ನಿಧಾನಗತಿಯಲ್ಲಿ. ಅದೇ ಕೊಸೈನ್ ಎತ್ತುವ ಬಲವನ್ನೂ ಕಡಿತ ಮಾಡುತ್ತದೆ, ಆದ್ದರಿಂದ ಇಳಿಯುವಾಗ ರೆಕ್ಕೆಯ ಮುಂದೆ ಸ್ಲ್ಯಾಟ್, ಹಿಂದೆ ಫ್ಲ್ಯಾಪ್ ಎಂಬ ಪಟ್ಟಿಗಳನ್ನು ಚಾಚಬೇಕು. ಇನ್ನೊಂದು ತೊಡಕು ತುದಿಯದು. ರೆಕ್ಕೆಗೆ ಅಂಟಿದ ಸುಸ್ತಾದ ಗಾಳಿ ತುದಿಯ ಕಡೆ ಹರಿದು ಅಲ್ಲಿ ಗುಂಪಾಗುತ್ತದೆ. ಮೂಗು ಹೆಚ್ಚು ಎತ್ತಿದರೆ ತುದಿಯೇ ಮೊದಲು ಬಲ ಕಳೆದುಕೊಳ್ಳುತ್ತದೆ. ತುದಿ ಇರುವುದು ವಿಮಾನದ ತೂಕದ ಕೇಂದ್ರಕ್ಕಿಂತ ಹಿಂದೆ. ಹಿಂದಿನ ಆಸರೆ ಕುಸಿದರೆ ಮೂಗು ಇನ್ನೂ ಮೇಲೇಳುತ್ತದೆ, ಕುಸಿತ ಇನ್ನೂ ಹಬ್ಬುತ್ತದೆ. ಸೋವಿಯತ್ ಯುದ್ಧವಿಮಾನ ಮಿಗ್-15ರ ರೆಕ್ಕೆಯ ಮೇಲೆ ನಿಲ್ಲಿಸಿದ್ದ ತಗಡಿನ ಗೋಡೆಗಳು ಈ ಹರಿವನ್ನು ತಡೆಯಲೆಂದೇ. ಪ್ರಯಾಣಿಕ ವಿಮಾನಗಳಲ್ಲಿ ತುದಿಯನ್ನು ಸ್ವಲ್ಪ ಕೆಳಮುಖವಾಗಿ ತಿರುಚಿರುತ್ತಾರೆ.

ಆಮೇಲಿನ ದಶಕಗಳ ಕಥೆ ವಾಲಿಕೆ ಇಳಿಸಿದ ಕಥೆ. 1960ರ ದಶಕದಲ್ಲಿ ನಾಸಾದ ರಿಚರ್ಡ್ ವಿಟ್‌ಕಾಂಬ್ ಬೆನ್ನು ಚಪ್ಪಟೆಯಾದ, ಹಿಂದಿನ ಅಂಚಿನ ಬಳಿ ಅಡಿಭಾಗ ಒಳಗೆ ಬಾಗಿದ ಅಡ್ಡಕೊಯ್ತದ ರೆಕ್ಕೆ ರೂಪಿಸಿದರು. ಅದರಲ್ಲಿ ತರಂಗ ಹಿಂದೆ ಸರಿಯುತ್ತದೆ, ಮೆತ್ತಗೂ ಆಗುತ್ತದೆ. ಹೀಗಾಗಿ ಲಂಬದ ಪಾಲು ತುಸು ಹೆಚ್ಚಿದ್ದರೂ ರೆಕ್ಕೆ ತಡೆಯುತ್ತದೆ, ಕಡಿಮೆ ವಾಲಿದರೂ ಸಾಕು. ಅದೇ ಕೊಸೈನ್ ಲೆಕ್ಕ ಹಚ್ಚಿ ನೋಡಿ: 37.5 ಡಿಗ್ರಿ ವಾಲಿದ ಹಳೆಯ ಬೋಯಿಂಗ್ 747 ಧ್ವನಿವೇಗದ 0.85ರಲ್ಲಿ ಹಾರಿದರೆ ಲಂಬದ ಪಾಲು 0.67. ಅದೇ ವೇಗದ, 32 ಡಿಗ್ರಿಯ 787ರಲ್ಲಿ ಅದು 0.72. ಹುಬ್ಬಳ್ಳಿಗೆ ಇಳಿಯುವ ಎ320ಯ 0.71ಕ್ಕೆ ಕೂದಲೆಳೆಯಷ್ಟೇ ಅಂತರ.