ನುಂಗಿದ್ದು ನಾಣ್ಯವೋ, ಬಟನ್ ಬ್ಯಾಟರಿಯೋ?

ಮಗು ಕಾಸು ನುಂಗಿತು ಅಂದ್ರೆ ಹಾಸನ, ಚಿಕ್ಕಮಗಳೂರು ಕಡೆಯ ಮನೆಗಳಲ್ಲಿ ಹಿರಿಯರು ಹೇಳುತ್ತಿದ್ದದ್ದು ಹೀಗೆ: ಬಾಳೆಹಣ್ಣು ತಿನ್ನಿಸಿ, ಎರಡು ದಿನದಲ್ಲಿ ತಾನೇ ಹೊರಗೆ ಬರುತ್ತದೆ. ಅದು ಪೂರ್ತಿ ಸುಳ್ಳಲ್ಲ. ಹೊಟ್ಟೆಗೆ ಇಳಿದ ನಾಣ್ಯ ಸಾಮಾನ್ಯವಾಗಿ ತೊಂದರೆ ಕೊಡದೆ ಹೋಗಿಬಿಡುತ್ತದೆ. ಆದರೆ ಆ ಮಾತು ಹುಟ್ಟಿದಾಗ ಮನೆಯಲ್ಲಿ ಬಟನ್ ಬ್ಯಾಟರಿ ಇರಲಿಲ್ಲ.

1970-80ರ ದಶಕದಲ್ಲಿ ವಾಚು, ಕಿವಿಯ ಯಂತ್ರಗಳಿಗೆ ಬಂದ ಬಟನ್ ಬ್ಯಾಟರಿಗಳು ಚಿಕ್ಕವು, ಒಂದೂವರೆ ವೋಲ್ಟಿನ ಆಸುಪಾಸಿನವು. ನುಂಗಿದರೂ ಹೆಚ್ಚಿನವು ಅನ್ನನಾಳ ದಾಟಿ ಹೊಟ್ಟೆಗೆ ಇಳಿಯುತ್ತಿದ್ದವು. ಆಮೇಲೆ ಬಂತು ಲಿಥಿಯಂ ಬ್ಯಾಟರಿ. ಈಗ ಕಾರಿನ ಕೀ, ಪುಟ್ಟ ರಿಮೋಟ್, ದೀಪಾವಳಿಗೆ ತರುವ ಪ್ಲಾಸ್ಟಿಕ್ ದೀಪ, ಎಲ್ಲದರಲ್ಲೂ ಅದೇ. ಅದರ ಮೇಲೆ ಹೆಚ್ಚಾಗಿ CR2032 ಅಂತ ಬರೆದಿರುತ್ತದೆ. 20 ಅಂದರೆ 20 ಮಿಲಿಮೀಟರ್ ಅಗಲ, 32 ಅಂದರೆ 3.2 ಮಿಲಿಮೀಟರ್ ದಪ್ಪ. ನಮ್ಮ ಹೊಸ ಒಂದು ರೂಪಾಯಿ ನಾಣ್ಯದ ಅಗಲವೂ 20 ಮಿಲಿಮೀಟರೇ! ಇಷ್ಟು ಅಗಲದ್ದು ಪುಟ್ಟ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳಬಹುದು, ಮೇಲಾಗಿ ಇದರಲ್ಲಿ 3 ವೋಲ್ಟ್ ಇದೆ. 1985ರಿಂದ 2009ರವರೆಗಿನ ಅಮೆರಿಕದ ಪ್ರಕರಣಗಳನ್ನು ನೋಡಿದ ಅಧ್ಯಯನವೊಂದು 2010ರಲ್ಲಿ ಬಂತು. ಬ್ಯಾಟರಿ ನುಂಗಿದವರಲ್ಲಿ ದೊಡ್ಡ ಅನಾಹುತ ಆದವರ ಪ್ರಮಾಣ ಆ ಅವಧಿಯಲ್ಲಿ ಆರು ಪಟ್ಟಿಗಿಂತ ಜಾಸ್ತಿ ಏರಿತ್ತು.

ಬ್ಯಾಟರಿ ಒಡೆದು ಒಳಗಿನ ವಿಷ ಸೋರುತ್ತದೆ ಅಂತಲೇ ತುಂಬಾ ಜನ ಅಂದುಕೊಂಡಿದ್ದಾರೆ. ಅಸಲಿ ಕಾರಣ ಕರೆಂಟು. ಒದ್ದೆಯಾದ ಅನ್ನನಾಳದ ಗೋಡೆ ಬ್ಯಾಟರಿಯ ಎರಡೂ ಬದಿಗೆ ತಾಗಿದಾಗ ಕರೆಂಟು ಹರಿಯುತ್ತದೆ, ಮೈನಸ್ ಬದಿಯಲ್ಲಿ ಕಾಸ್ಟಿಕ್ ಸೋಡಾದಂಥ ಕಟು ಕ್ಷಾರ ಹುಟ್ಟುತ್ತದೆ, ಅದು ಮಾಂಸವನ್ನು ಸುಡುತ್ತಾ ಹೋಗುತ್ತದೆ. ಕಾಲು ಗಂಟೆಯಲ್ಲೇ ಸುಡುವುದು ಶುರು. ಎರಡು ಗಂಟೆಯೊಳಗೆ ಗಾಯ ಆಳಕ್ಕೆ ಇಳಿಯಬಹುದು. ರಿಮೋಟಿಗೆ ಸಾಲದೆ ತೆಗೆದು ಬಿಸಾಡಿದ ಬ್ಯಾಟರಿಯಲ್ಲೂ ಇದಕ್ಕೆ ಸಾಕಾಗುವಷ್ಟು ವೋಲ್ಟ್ ಉಳಿದಿರುತ್ತದೆ.

ಮೂಡಿಗೆರೆ ಹತ್ತಿರದ ಒಂದು ತೋಟದ ಮನೆ ಅಂತ ಇಟ್ಟುಕೊಳ್ಳಿ. ಒಂದೂವರೆ ವರ್ಷದ ಮಗು. ಸಂಜೆ ಆರಕ್ಕೆ ಇದ್ದಕ್ಕಿದ್ದಂತೆ ಕೆಮ್ಮಿತು, ಜೊಲ್ಲು ಸುರಿಯತೊಡಗಿತು, ಅನ್ನ ಬಾಯಿಗಿಟ್ಟರೆ ಉಗುಳಿತು. ಹಲ್ಲು ಬರ್ತಿರಬೇಕು, ಶೀತ ಇರಬೇಕು ಅಂತ ಸಿರಪ್ ಕೊಟ್ಟರು. ಇಲ್ಲೇ ಹೊತ್ತು ಕಳೆದುಹೋಗುವುದು, ಯಾಕೆಂದರೆ ನುಂಗಿದ್ದನ್ನು ಯಾರೂ ನೋಡಿರುವುದಿಲ್ಲ, ಮಗುವಿಗೆ ಹೇಳೋಕೆ ಬರುವುದಿಲ್ಲ. ಜೊಲ್ಲು ಅಂದರೆ ತನ್ನ ಎಂಜಲನ್ನೂ ನುಂಗಲಾಗುತ್ತಿಲ್ಲ ಅಂತ. ಕೆಮ್ಮು ಯಾಕೆ ಅಂದರೆ ಉಸಿರಿನ ನಾಳ ಅನ್ನನಾಳದ ಮುಂದೆಯೇ ಇದೆ. ಅಲ್ಲಿ ಸಿಕ್ಕಿರುವುದು ನಾಣ್ಯವೇ ಆಗಿದ್ದರೂ ಈ ಲಕ್ಷಣ ಇದ್ದರೆ ಕಾಯುವಂತಿಲ್ಲ. ಏಳು ಗಂಟೆಗೆ ಕಾರಿನ ಕೀ ಬಿಚ್ಚಿಕೊಂಡು ಬಿದ್ದದ್ದು ಕಂಡಿತು, ಬ್ಯಾಟರಿ ಇಲ್ಲ.

ಈಗ ಬಾಳೆಹಣ್ಣು, ಅನ್ನದ ಉಂಡೆ ಬೇಡ. ಬಾಯಿಗೆ ಬೆರಳು ಹಾಕಬೇಡಿ, ವಾಂತಿ ಮಾಡಿಸಬೇಡಿ. 108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಹೊರಡಿ. ಮಲೆನಾಡಿನ ಮನೆಯಲ್ಲಿ ಸಾಮಾನ್ಯವಾಗಿ ಜೇನುತುಪ್ಪ ಇದ್ದೇ ಇರುತ್ತದೆ ಅಲ್ವಾ, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ಜೇನು ಆ ಕ್ಷಾರದ ಸುಡುವಿಕೆಯನ್ನು ತಗ್ಗಿಸುತ್ತದೆ ಅಂತ 2018ರ ಪ್ರಯೋಗವೊಂದು ತೋರಿಸಿತು. ಮಗುವಿಗೆ ಒಂದು ವರ್ಷ ತುಂಬಿರಬೇಕು, ನುಂಗಿ 12 ಗಂಟೆ ಮೀರಿರಬಾರದು, ನುಂಗಲು ಆಗುತ್ತಿರಬೇಕು. ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ, ಹೆಚ್ಚೆಂದರೆ ಆರು ಸಲ. ದಾರಿಯಲ್ಲೇ ಕೊಡಿ, ಅದಕ್ಕಾಗಿ ಒಂದು ನಿಮಿಷವೂ ಮನೆಯಲ್ಲಿ ನಿಲ್ಲಬೇಡಿ. ಇದು ಚಿಕಿತ್ಸೆಯಲ್ಲ. ಉಸಿರಾಡಲು ಕಷ್ಟಪಡುತ್ತಿದ್ದರೆ, ಜೊಲ್ಲು ಸುರಿಸುತ್ತಾ ಏನೂ ನುಂಗಲಾಗದಿದ್ದರೆ ಅದನ್ನೂ ಕೊಡಬೇಡಿ.

ಎಕ್ಸ್-ರೇ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ, ಬಾಗಿಲಲ್ಲೇ "ಬ್ಯಾಟರಿ ನುಂಗಿರಬಹುದು" ಅಂತ ಹೇಳಿ. ಚೀಟಿ ಮಾಡಿಸಿ ಸಾಲಿನಲ್ಲಿ ಕೂರುವ ವಿಷಯ ಅಲ್ಲ ಇದು. ಮುಂದಿನಿಂದ ತೆಗೆದ ಚಿತ್ರದಲ್ಲಿ ನಾಣ್ಯ, ಬ್ಯಾಟರಿ ಎರಡೂ ದುಂಡಗೆ ಬಿಳಿಯಾಗಿಯೇ ಕಾಣುತ್ತವೆ. ಬ್ಯಾಟರಿಯಾದರೆ ಅಂಚಿನೊಳಗೆ ಇನ್ನೊಂದು ಉಂಗುರ ಕಾಣುತ್ತದೆ, ಪಕ್ಕದಿಂದ ತೆಗೆದ ಚಿತ್ರದಲ್ಲಿ ಸಣ್ಣ ಮೆಟ್ಟಿಲು. ಅದಕ್ಕೇ ಎರಡೂ ಕಡೆಯಿಂದ ತೆಗೆಯಬೇಕು. ಅನ್ನನಾಳದಲ್ಲಿ ಬ್ಯಾಟರಿ ಇದೆ ಅಂತಾದರೆ, ಮಗುವಿಗೆ ಅರಿವಳಿಕೆ ಕೊಟ್ಟು ಎಂಡೋಸ್ಕೋಪಿಯಲ್ಲಿ ತಕ್ಷಣ ತೆಗೆಯುವವರು ಬೇಕು. ಅವರು ಹಾಸನದಲ್ಲಿ ಈಗ ಇದ್ದಾರಾ, ಮಂಗಳೂರಿಗೇ ಹೋಗಬೇಕಾ ಅಂತ ವೈದ್ಯರು ಫೋನ್ ಮಾಡಿ ಖಚಿತ ಮಾಡಿಕೊಂಡು ಕಳಿಸುವಂತೆ ಕೇಳಿ. ಮಳೆಗಾಲದ ಚಾರ್ಮಾಡಿ ಘಾಟಿ ಇಳಿದ ಮೇಲೆ "ಇಲ್ಲಿ ಆಗಲ್ಲ" ಅನ್ನಿಸಿಕೊಂಡರೆ ಆ ಗಂಟೆಗಳು ವಾಪಸ್ ಬರುವುದಿಲ್ಲ.

ತೆಗೆದ ಮೇಲೂ ಸುಟ್ಟ ಜಾಗ ಕೆಲವು ದಿನ ಒಳಗೊಳಗೇ ಕೊರೆಯಬಹುದು. ಉಸಿರಿನ ನಾಳಕ್ಕೆ ತೂತಾಗಬಹುದು, ವಾರಗಳ ನಂತರವೂ ದೊಡ್ಡ ರಕ್ತನಾಳ ಒಡೆಯಬಹುದು. ಮನೆಗೆ ಬಂದ ಮಗು ಹಾಲು ಕುಡಿದಾಗಲೆಲ್ಲ ಕೆಮ್ಮಿದರೆ, ಮಲ ಕಪ್ಪಗಾದರೆ, ವಾಂತಿಯಲ್ಲಿ ಒಂದು ಚಮಚ ರಕ್ತ ಕಂಡರೂ ಅದೇ ರಾತ್ರಿ ಹೊರಡಿ.