ಫೋಟೋ ನುಣುಪು, ನೆಗೆಟಿವ್ ಮಾತ್ರ ರವೆ ರವೆ

ಕಳೆದ ಮಳೆಗಾಲದಲ್ಲಿ ಡೊಂಬಿವಲಿಯ ಶೆಟ್ರೊಬ್ಬರು ಮಾಟುಂಗದ ನಮ್ಮ ಅಂಗಡಿಗೆ ಬಂದರು. ಕೈಯಲ್ಲಿ ಮೂರೂವರೆ-ಐದು ಇಂಚಿನ ಒಂದು ಕಪ್ಪು-ಬಿಳುಪು ಫೋಟೋ. ಅವರ ದೊಡ್ಡಪ್ಪ ಎಪ್ಪತ್ತರ ದಶಕದಲ್ಲಿ ನಡೆಸುತ್ತಿದ್ದ ಹೋಟೆಲಿನ ಬಾಗಿಲು, ಅದರ ಪಕ್ಕದಲ್ಲಿ ಸೀಮೆಸುಣ್ಣದಲ್ಲಿ ಬರೆದ ತಿಂಡಿಗಳ ಕಪ್ಪು ಹಲಗೆ. ಆ ಹಲಗೆಯಲ್ಲಿ ಏನಿದೆ ಅಂತ ಓದಬೇಕು, ಅಷ್ಟೇ. ಮೊಬೈಲಿನಲ್ಲಿ ಫೋಟೋದ ಫೋಟೋ ಹೊಡೆದು, ಹಿಗ್ಗಿಸಿ ಹಿಗ್ಗಿಸಿ ನೋಡಿ ಅವರಿಗೆ ಸಾಕಾಗಿತ್ತು.

"ನೆಗೆಟಿವ್ ಇದೆಯಾ?" ಅಂತ ಕೇಳಿದೆ.

"ಫೋಟೋನೇ ಇದೆಯಲ್ಲ ಮಾರಾಯ್ರೇ, ನೆಗೆಟಿವ್ ಎಂತಕ್ಕೆ?"

ಬಹಳ ಜನ ಕೇಳುವ ಪ್ರಶ್ನೆ ಇದು. ಅದಕ್ಕೆ ಉತ್ತರ ಲೆಕ್ಕದಲ್ಲೇ ಇದೆ. ಹಲಗೆಯ ಅಕ್ಷರ ಎರಡು ಸೆಂಟಿಮೀಟರ್ ಎತ್ತರ ಅಂತ ಇಟ್ಟುಕೊಳ್ಳಿ. ಫೋಟೋ ತೆಗೆದವರು ಸುಮಾರು ಎಂಟು ಮೀಟರ್ ದೂರದಲ್ಲಿ ನಿಂತಿದ್ದರು, ಲೆನ್ಸು ಮಾಮೂಲಿ 50 ಮಿಲಿಮೀಟರಿನದು. ಆಗ ಎಲ್ಲವೂ ಫಿಲ್ಮಿನ ಮೇಲೆ 160 ಪಟ್ಟು ಚಿಕ್ಕದಾಗುತ್ತದೆ. ನಮ್ಮ ಅಕ್ಷರ 0.125 ಮಿಲಿಮೀಟರ್ ಆಗುತ್ತದೆ. ಇಂಚಿಗೆ 4000 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಅಷ್ಟು ಜಾಗದಲ್ಲಿ ಸುಮಾರು 20 ಚುಕ್ಕೆ ಬೀಳುತ್ತವೆ. ಅಕ್ಷರ ಓದಲು ಅದು ಸಾಕು.

ಈಗ ಪ್ರಿಂಟಿಗೆ ಬನ್ನಿ. ಅದು ನೆಗೆಟಿವಿನ ಮೂರೂವರೆ ಪಟ್ಟು ದೊಡ್ಡದು, ಹಾಗಾಗಿ ಅಕ್ಷರ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ. ಆದರೆ ಆ ಕಾಲದ ಸಾಮಾನ್ಯ ಸ್ಟುಡಿಯೋ ಪ್ರಿಂಟಿನಲ್ಲಿ ಇಂಚಿಗೆ 300 ಚುಕ್ಕೆಗಿಂತ ಜಾಸ್ತಿ ವಿವರ ಸಿಗುವುದು ಅಪರೂಪ. ಎನ್‌ಲಾರ್ಜರಿನ ಲೆನ್ಸಿನಲ್ಲಿ ಒಂದಿಷ್ಟು ಹೋಗಿರುತ್ತದೆ, ಫೋಕಸ್ ಅರೆಬರೆಯಾಗಿದ್ದರೆ ಇನ್ನೊಂದಿಷ್ಟು. ಉಳಿದದ್ದು ಅಕ್ಷರಕ್ಕೆ ಐದೋ ಆರೋ ಚುಕ್ಕೆ. ನಿಮ್ಮ ಮೊಬೈಲು 12 ಮೆಗಾಪಿಕ್ಸೆಲ್ ಆಗಲಿ, 50 ಆಗಲಿ, ಕಾಗದದಲ್ಲಿ ಇಲ್ಲದ್ದನ್ನು ಎಲ್ಲಿಂದ ತರುತ್ತದೆ? ಆ ಐದು ಚುಕ್ಕೆಯ ಮಸುಕನ್ನೇ ಬಹಳ ಚೆನ್ನಾಗಿ ತೋರಿಸುತ್ತದೆ.

ಮುಂದಿನ ವಾರ ಶೆಟ್ರು ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ನೆಗೆಟಿವ್ ತಂದರು. ಆರು ಫ್ರೇಮಿನ ಒಂದು ಪಟ್ಟಿ, ಅದರಲ್ಲಿ ಎರಡು ಫ್ರೇಮ್ ಆ ಹೋಟೆಲಿನವು. ಮುಂಬೈ ಹವೆಗೆ ಚೆನ್ನಾಗಿ ಸುರುಳಿ ಸುತ್ತಿಕೊಂಡಿತ್ತು, ಪುಣ್ಯಕ್ಕೆ ಬೂಷ್ಟು ಹಿಡಿದಿರಲಿಲ್ಲ. (ಹಿಡಿದಿದ್ದರೆ ದಯವಿಟ್ಟು ನೀರಲ್ಲಿ ತೊಳೆಯಬೇಡಿ. ಬೂಷ್ಟು ತಿಂದ ಜೆಲಾಟಿನ್ ನೀರಿಗೆ ಕರಗಿ, ಚಿತ್ರವೇ ಹರಿದುಹೋಗಬಹುದು.)

ಸ್ಕ್ಯಾನ್ ಪರದೆಗೆ ಬಂತು. ಶೆಟ್ರ ಮುಖ ಸಣ್ಣದಾಯಿತು. "ಇದೆಂತ, ರವೆ ಚೆಲ್ಲಿದ ಹಾಗಿದೆ! ನನ್ನ ಫೋಟೋ ಎಷ್ಟು ನುಣುಪಾಗಿತ್ತು."

ಆ ರವೆಯೇ ಗ್ರೇನ್. ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರವೆಂದರೆ ಬೆಳ್ಳಿಯ ಸಣ್ಣ ಸಣ್ಣ ಕಣಗಳ ಗುಂಪು. ಪ್ರಿಂಟಿನಲ್ಲೂ ಅದರ ಗುರುತು ಬಿದ್ದಿರುತ್ತದೆ. ಆದರೆ ಮೂರೂವರೆ ಪಟ್ಟಿಗೆ ಅದು ಕಣ್ಣಿಗೆ ಸಿಗುವಷ್ಟು ದೊಡ್ಡದಾಗುವುದಿಲ್ಲ. ನಾನು ಪರದೆಯಲ್ಲಿ ಸ್ಕ್ಯಾನನ್ನು ನೂರಕ್ಕೆ ನೂರರಷ್ಟು, ಅಂದರೆ ಸ್ಕ್ಯಾನಿನ ಒಂದು ಚುಕ್ಕೆಗೆ ಪರದೆಯ ಒಂದು ಚುಕ್ಕೆಯಂತೆ ತೆರೆದಿದ್ದೆ. ಹಾಗೆ ನೋಡುವಾಗ ನೆಗೆಟಿವ್ ಹಿಗ್ಗಿದ್ದು ಸುಮಾರು ನಲವತ್ತು ಪಟ್ಟು. ಪೂರ್ತಿ ಚಿತ್ರ ಒಂದೂವರೆ ಮೀಟರ್ ಅಗಲ ಆಗುತ್ತದೆ, ಅದಕ್ಕೆ ಮೂಗು ತಾಗಿಸಿ ನೋಡಿದ ಹಾಗೆ. ಚಿತ್ರವನ್ನು ಅವರ ಫೋಟೋದ ಅಳತೆಗೆ ಇಳಿಸಿ, ಫೋಟೋವನ್ನು ಪರದೆಯ ಪಕ್ಕ ಹಿಡಿದೆ. ರವೆ ಮಾಯ.

ಆದರೂ ಗ್ರೇನ್ ನನಗೆ ಬೇಕು. ಯಾಕೆಂದರೆ ತಪ್ಪು ಯಾರದ್ದು ಅಂತ ಹೇಳುವ ಸಾಕ್ಷಿ ಅದೊಂದೇ. ಗ್ರೇನ್ ಇರುವುದು ಫಿಲ್ಮಿನಲ್ಲೇ. ಫೋಟೋ ತೆಗೆದವರ ಕೈ ನಡುಗಿದರೂ ಗ್ರೇನ್ ನಡುಗುವುದಿಲ್ಲ. ಹಾಗಾಗಿ ಗ್ರೇನ್ ಚೂಪಾಗಿದ್ದು ಅಕ್ಷರ ಮಸುಕಾಗಿದ್ದರೆ, ತಪ್ಪು ಅವತ್ತಿನ ಕ್ಯಾಮೆರಾದ್ದು. ಗ್ರೇನೂ ಮಸುಕಾಗಿದ್ದರೆ ತಪ್ಪು ನನ್ನದು, ಮತ್ತೆ ಸ್ಕ್ಯಾನ್ ಮಾಡಬೇಕು.

ಮೊದಲ ಸಲ ತಪ್ಪು ನನ್ನದೇ ಆಗಿತ್ತು. ಚಿತ್ರದ ನಡುವೆ ರವೆ ಚೂಪಾಗಿತ್ತು, ಹಲಗೆ ಇದ್ದ ಎಡಮೂಲೆಯಲ್ಲಿ ಗಂಜಿಯ ಹಾಗೆ ಕಲಸಿಹೋಗಿತ್ತು. ಸುರುಳಿ ಸುತ್ತಿದ ಫಿಲ್ಮು ಹೋಲ್ಡರಿನಲ್ಲಿ ಉಬ್ಬಿ ನಿಂತಿತ್ತು, ಮೂಲೆ ಫೋಕಸ್ಸಿನಿಂದ ಹೊರಗೆ. ಕವರಿನಲ್ಲಿ ಹಾಕಿ ದಪ್ಪ ಪುಸ್ತಕದಡಿ ಎರಡು ದಿನ ಇಟ್ಟೆ. ಎರಡನೇ ಸ್ಕ್ಯಾನಿನಲ್ಲಿ ನಾಲ್ಕೂ ಮೂಲೆಯಲ್ಲಿ ಒಂದೇ ತರಹದ ರವೆ ಬಂತು.

ಮನೆಯ ಫ್ಲಾಟ್‌ಬೆಡ್ ಸ್ಕ್ಯಾನರಿನವರಿಗೂ ಇದೇ ಪರೀಕ್ಷೆ ಸಾಕು. ಸ್ಕ್ಯಾನರಿನ ಡಬ್ಬಿಯ ಮೇಲೆ ಇಂಚಿಗೆ 6400 ಚುಕ್ಕೆ ಅಂತ ಬರೆದಿರುತ್ತದೆ. ನಿಜವಾಗಿ ಸಿಗುವ ವಿವರ ಸಾಮಾನ್ಯವಾಗಿ ಅದರ ಅರ್ಧವೂ ಇರುವುದಿಲ್ಲ. 3200ರಲ್ಲಿ ಒಮ್ಮೆ, 6400ರಲ್ಲಿ ಒಮ್ಮೆ ಸ್ಕ್ಯಾನ್ ಮಾಡಿ ಹೋಲಿಸಿ. ಗ್ರೇನ್ ಇನ್ನೂ ಬಿಡಿಬಿಡಿಯಾಗುವ ಬದಲು ಸುಮ್ನೆ ದೊಡ್ಡದಾಗಿ ಮೆತ್ತಗಾಗಿದ್ದರೆ, ಫೈಲ್ ಊದಿಕೊಂಡಿದೆ ಅಷ್ಟೇ.

ಫೋಟೋದ ಫೋಟೋ ಹೊಡೆದಾಗಲೂ ಒಮ್ಮೊಮ್ಮೆ ಗ್ರೇನ್ ಥರ ಏನೋ ಕಾಣುತ್ತದೆ. ಅದನ್ನು ನಂಬಬೇಡಿ. ಸಿಲ್ಕ್ ಫಿನಿಶ್ ಕಾಗದದ ಉಬ್ಬುತಗ್ಗು ಪಕ್ಕದ ಬೆಳಕಿಗೆ ಹಾಗೆ ಮಿನುಗುತ್ತದೆ. ಫೋಟೋವನ್ನು ಅದೇ ದೀಪದಡಿ ಕಾಲುಸುತ್ತು ತಿರುಗಿಸಿ ಮತ್ತೆ ತೆಗೆಯಿರಿ. ಮಚ್ಚೆಗಳು ಬದಲಾದರೆ ಅದು ಕಾಗದ. ನೆಗೆಟಿವ್ ಕಳೆದೇ ಹೋಗಿದ್ದರೆ ಪ್ರಿಂಟೇ ಗತಿ, ಆಗ ಎರಡೂ ಕಡೆಯಿಂದ 45 ಡಿಗ್ರಿಯಲ್ಲಿ ದೀಪ ಹಾಕಿ, ಕ್ಯಾಮೆರಾ ನೇರ ಮೇಲಿಟ್ಟು ತೆಗೆಯಿರಿ. ಈ ಮಿನುಗು ಬಹಳಷ್ಟು ತಗ್ಗುತ್ತದೆ.

ಇನ್ನೊಂದು ಎಡವಟ್ಟನ್ನೂ ಹೇಳಿಬಿಡುತ್ತೇನೆ. ಸ್ಕ್ಯಾನರಿನಲ್ಲಿ ಧೂಳು ತೆಗೆಯುವ ಇನ್‌ಫ್ರಾರೆಡ್ ಗುಂಡಿ ಇರುತ್ತದೆ. ಸಾಮಾನ್ಯ ಕಲರ್ ನೆಗೆಟಿವಿಗೆ ಅದು ವರ. ಅಲ್ಲಿ ಡೆವಲಪ್ ಮಾಡುವಾಗ ಬೆಳ್ಳಿಯನ್ನೆಲ್ಲ ತೆಗೆದುಬಿಡುತ್ತಾರೆ, ಉಳಿಯುವುದು ಬಣ್ಣ ಮಾತ್ರ. ಬಣ್ಣದೊಳಗಿಂದ ಇನ್‌ಫ್ರಾರೆಡ್ ಹಾದುಹೋಗುತ್ತದೆ, ಧೂಳು ಮಾತ್ರ ಅದನ್ನು ತಡೆಯುತ್ತದೆ. ಕಪ್ಪು-ಬಿಳುಪಿನಲ್ಲಿ ಬೆಳ್ಳಿಯೇ ಅದನ್ನು ತಡೆಯುತ್ತದೆ. ನಮ್ಮ ಹುಡುಗ ಆ ಗುಂಡಿ ಆಫ್ ಮಾಡಲು ಮರೆತಿದ್ದ. ಯಂತ್ರ ಚಿತ್ರವನ್ನೇ ಧೂಳು ಅಂದುಕೊಂಡು, ದೊಡ್ಡಪ್ಪನ ಹುಬ್ಬನ್ನು ಅರ್ಧ ಒರೆಸಿ ಹಾಕಿತ್ತು. ಗ್ರೇನ್ ತೆಗೆಯುವ ಸಾಫ್ಟ್‌ವೇರೂ ಇದೇ ಜಾತಿ. ನಾಲ್ಕಾರು ಕಣ ಅಗಲದ ಗೆರೆಗೂ ರವೆಗೂ ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಶೆಟ್ರ ಒತ್ತಾಯಕ್ಕೆ ಒಂದು ಪ್ರತಿಗೆ ಹಚ್ಚಿ ತೋರಿಸಿದೆ. ಗೋಡೆ ನುಣುಪಾಯಿತು, ಹಲಗೆಯ ಅಕ್ಷರವೂ ಹೋಯಿತು.

ಕೊನೆಗೆ ಗ್ರೇನ್ ಇದ್ದ ಪ್ರತಿಯನ್ನೇ ಹಿಗ್ಗಿಸಿ ಇಬ್ಬರೂ ಓದುತ್ತಾ ಕೂತೆವು. ಮೊದಲ ಸಾಲು ಇಡ್ಲಿ, ಎರಡನೆಯದು ಉಪ್ಪಿಟ್ಟು, ನಾಲ್ಕನೆಯದು ಮಸಾಲೆ ದೋಸೆ. ಮೂರನೇ ಸಾಲು ಬರೀ ಬೂದು ಮಸುಕು.

"ಇನ್ನೂ ಜಾಸ್ತಿ ರೆಸಲ್ಯೂಶನ್ ಇಟ್ಟರೆ ಬರುತ್ತದಾ?"

ಪಟ್ಟಿಯಲ್ಲಿದ್ದ ಇನ್ನೊಂದು ಫ್ರೇಮ್ ತೆರೆದೆ. ಅದರಲ್ಲಿ ರವೆ ಚೂಪಾಗಿತ್ತು, ಅಕ್ಷರಗಳೆಲ್ಲ ಜೋಡಿಯಾಗಿದ್ದವು. ಕೈ ಅಲುಗಿದೆ. ಮತ್ತೆ ಮೊದಲನೆಯದಕ್ಕೆ ಬಂದು ಮೂರನೇ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅಲ್ಲಿಯೂ ಗ್ರೇನ್ ಚೂಪಾಗಿದೆ, ಮೇಲಿನ ಸಾಲೂ ಕೆಳಗಿನ ಸಾಲೂ ಸ್ಪಷ್ಟವಾಗಿವೆ. ಕ್ಯಾಮೆರಾದ್ದೂ ತಪ್ಪಿಲ್ಲ, ನನ್ನದೂ ಇಲ್ಲ.

ಶೆಟ್ರು ಸ್ವಲ್ಪ ಹೊತ್ತು ನೋಡಿ ನಕ್ಕರು. "ಅದು ಖಾಲಿ ಆಗಿರಬೇಕು ಮಾರಾಯ್ರೇ. ದೊಡ್ಡಪ್ಪ ಕೈಯಲ್ಲೇ ಒರೆಸಿದ್ದಾರೆ."