ಹಲ್ಲಿನ ಡಾಕ್ಟರು ನನ್ನ ಮೆಸೇಜ್‌ಗೆ ಯಾಕೆ ಉತ್ತರ ಕೊಡುತ್ತಿಲ್ಲ?

ಪ್ರಶ್ನೆ: ನಾನು ಕೊಪ್ಪಳದವಳು. ಮನೆಯಿಂದಲೇ ಎರಡು ಬಟ್ಟೆ ಅಂಗಡಿ ಮತ್ತು ಒಂದು ಬೇಕರಿಯ ಇನ್‌ಸ್ಟಾಗ್ರಾಮ್ ನೋಡಿಕೊಳ್ಳುತ್ತೇನೆ. ಹೋದ ವಾರ ಊರಿನ ಹತ್ತು ಡೆಂಟಲ್ ಕ್ಲಿನಿಕ್‌ಗಳಿಗೆ ವಾಟ್ಸಾಪ್ ಮಾಡಿದೆ. "ನಮಸ್ತೆ ಸರ್, ನಾನು ಫ್ರೀಲ್ಯಾನ್ಸ್ ಡಿಜಿಟಲ್ ಮಾರ್ಕೆಟರ್. ನಿಮ್ಮ ಸೋಷಿಯಲ್ ಮೀಡಿಯಾ ಪೂರ್ತಿ ನೋಡಿಕೊಳ್ಳುತ್ತೇನೆ. ತಿಂಗಳಿಗೆ 50 ಹೊಸ ಪೇಷೆಂಟ್ ಗ್ಯಾರಂಟಿ. ಆಫರ್ ಪೋಸ್ಟ್, ಬಿಫೋರ್-ಆಫ್ಟರ್ ರೀಲ್ಸ್ ಎಲ್ಲ ಸೇರಿ ಪ್ಯಾಕೇಜ್ ಇದೆ" ಅಂತ ಬರೆದಿದ್ದೆ. ಒಬ್ಬರೂ ಉತ್ತರಿಸಲಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ಬಟ್ಟೆ ಅಂಗಡಿಗೆ ಒಪ್ಪುವ ಮೆಸೇಜನ್ನು ನೀವು ಡಾಕ್ಟರಿಗೆ ಕಳಿಸಿದ್ದೀರಿ. ತಪ್ಪು ಅಲ್ಲಿಂದಲೇ ಶುರುವಾಗಿದೆ.

ದಂತವೈದ್ಯರಿಗೆ 2014ರ ನೀತಿ ಸಂಹಿತೆ ನಿಯಮಗಳಿವೆ. ಭಾರತೀಯ ದಂತವೈದ್ಯ ಪರಿಷತ್ತು ತಂದ ನಿಯಮಗಳು ಅವು. ಪ್ರಚಾರ ಮಾಡಿ ರೋಗಿಗಳನ್ನು ತಮ್ಮ ಕಡೆ ಸೆಳೆಯುವುದು ಅವುಗಳ ಪ್ರಕಾರ ತಪ್ಪು. ಹೊಸ ಕ್ಲಿನಿಕ್ ಶುರುವಾಗಿದೆ, ವಿಳಾಸ ಬದಲಾಗಿದೆ ಅಂತ ತಿಳಿಸುವುದು ಬೇರೆ ಮಾತು. ಈಗ ನಿಮ್ಮ ಮೆಸೇಜನ್ನು ಡಾಕ್ಟರ ಕಣ್ಣಿನಿಂದ ಓದಿ ನೋಡಿ. "50 ಪೇಷೆಂಟ್ ಗ್ಯಾರಂಟಿ", "ಆಫರ್ ಪೋಸ್ಟ್", "ಬಿಫೋರ್-ಆಫ್ಟರ್". ಮೂರೂ ಅವರನ್ನು ತೊಂದರೆಗೆ ಸಿಕ್ಕಿಸುವ ಮಾತುಗಳು. "ಈ ಹುಡುಗಿಗೆ ನಮ್ಮ ಕೆಲಸ ಗೊತ್ತಿಲ್ಲ" ಅನ್ನಿಸಿದ ಮೇಲೆ ಅವರು ಯಾಕೆ ಉತ್ತರ ಕೊಡುತ್ತಾರೆ?

ನಾನೂ ಇದನ್ನು ಕಷ್ಟಪಟ್ಟೇ ಕಲಿತೆ. ನನ್ನ ಮೊದಲ ಕ್ಲಿನಿಕ್‌ಗೆ ಹಬ್ಬದ ರಿಯಾಯಿತಿಯ ಪೋಸ್ಟ್ ಹಾಕಿದ್ದೆ. ಊರಿನ ಇನ್ನೊಬ್ಬ ಡಾಕ್ಟರು ಅದರ ಸ್ಕ್ರೀನ್‌ಶಾಟನ್ನು ವೈದ್ಯರ ಗ್ರೂಪಿಗೆ ಹಾಕಿದರು. ಸಂಜೆಯೊಳಗೆ ನನ್ನ ಕ್ಲಿನಿಕ್‌ನ ಡಾಕ್ಟರು ಪೋಸ್ಟ್ ತೆಗೆಸಿದರು. ತಿಂಗಳ ಕೊನೆಗೆ ಕೆಲಸವೂ ಹೋಯಿತು.

ಹಾಗಾದರೆ ಮಾರುವುದಕ್ಕೆ ಏನು ಉಳಿಯಿತು? ತುಂಬಾ ಇದೆ. ಜನರಿಗೆ ಸರಿಯಾದ ಮಾಹಿತಿ ತಲುಪಿಸುವ ಕೆಲಸ ಡಾಕ್ಟರಿಗೆ ಬೇಕೇ ಬೇಕು, ಮಾಡಲು ಅವರಿಗೆ ಪುರುಸೊತ್ತಿಲ್ಲ.

ಮೆಸೇಜ್ ಬರೆಯುವ ಮೊದಲು ಒಂದು ಕ್ಲಿನಿಕ್‌ಗೆ ಇಪ್ಪತ್ತು ನಿಮಿಷ ಕೊಡಿ. ಹತ್ತು ಕ್ಲಿನಿಕ್ ಬೇಡ, ಮೂರು ಸಾಕು. ಜವಾಹರ ರಸ್ತೆಯಲ್ಲಿ ಒಂದು ಕ್ಲಿನಿಕ್ ಇದೆ ಅಂದುಕೊಳ್ಳಿ. ಗೂಗಲ್ ಮ್ಯಾಪ್‌ನಲ್ಲಿ ಅದು ಭಾನುವಾರವೂ ತೆರೆದಿದೆ ಅಂತ ತೋರಿಸುತ್ತದೆ. ಬಾಗಿಲ ಬೋರ್ಡಿನಲ್ಲಿ ಮಾತ್ರ ಭಾನುವಾರ ರಜೆ. ಇನ್‌ಸ್ಟಾಗ್ರಾಮ್‌ನಲ್ಲಿ ಕೊನೆಯ ಪೋಸ್ಟ್ ದೀಪಾವಳಿ ಶುಭಾಶಯ. ರಿವ್ಯೂಗಳಲ್ಲಿ ಒಬ್ಬರು "ಫೋನ್ ಎತ್ತಲ್ಲ" ಅಂತ ಬರೆದಿದ್ದಾರೆ, ಅದಕ್ಕೆ ಉತ್ತರವಿಲ್ಲ. ಗೂಗಲ್ ಪುಟದಲ್ಲಿ "Own this business?" ಅಂತ ಕಾಣಿಸಿದರೆ ಆ ಪುಟವನ್ನು ಕ್ಲಿನಿಕ್ ಇನ್ನೂ ತನ್ನ ಹೆಸರಿಗೆ ಮಾಡಿಕೊಂಡಿಲ್ಲ ಅಂತ ಅರ್ಥ.

ಇವುಗಳಲ್ಲಿ ಮೊದಲು ಹೇಳಬೇಕಾದದ್ದು ಭಾನುವಾರದ ತಪ್ಪು. ಯಲಬುರ್ಗಾದಿಂದ ಬಸ್ ಹತ್ತಿ ಬಂದವರು ಮುಚ್ಚಿದ ಶಟರ್ ನೋಡಿ ವಾಪಸ್ ಹೋಗುತ್ತಾರೆ. ಆ ನಷ್ಟ ಡಾಕ್ಟರಿಗೆ ತಕ್ಷಣ ಅರ್ಥವಾಗುತ್ತದೆ. "ನಿಮ್ಮ ಇನ್‌ಸ್ಟಾಗ್ರಾಮ್ ಚೆನ್ನಾಗಿಲ್ಲ" ಅಂದರೆ ಬರೀ ಬೇಜಾರಾಗುತ್ತದೆ.

ಇನ್ನೊಂದು ವಿಷಯ. ಬೋರ್ಡಿನಲ್ಲಿರುವ ನಂಬರ್ ಸಾಮಾನ್ಯವಾಗಿ ರಿಸೆಪ್ಷನ್‌ನವರ ಕೈಯಲ್ಲಿರುತ್ತದೆ. ಅಪಾಯಿಂಟ್‌ಮೆಂಟ್ ಕೇಳುವವರ ನಡುವೆ ನಿಮ್ಮ ಮೆಸೇಜ್ ಮುಳುಗಿ ಹೋಗುತ್ತದೆ. ಡಾಕ್ಟರು ಅದನ್ನು ನೋಡಿಯೇ ಇರಲಿಕ್ಕಿಲ್ಲ. ಮಧ್ಯಾಹ್ನದ ಪೇಷೆಂಟ್‌ಗಳು ಮುಗಿಯುವ ಹೊತ್ತಿಗೆ ಖುದ್ದಾಗಿ ಹೋಗಿ. "ಗೂಗಲ್‌ನಲ್ಲಿ ನಿಮ್ಮ ಸಮಯ ತಪ್ಪಿದೆ, ಡಾಕ್ಟರಿಗೆ ಒಂದು ಫೋಟೊ ಕಳಿಸಬೇಕಿತ್ತು, ಯಾವ ನಂಬರಿಗೆ ಕಳಿಸಲಿ?" ಅಂತ ಕೇಳಿ. ಒಂದೇ ಮೆಸೇಜನ್ನು ಗುರುತಿಲ್ಲದ ಹತ್ತಾರು ನಂಬರಿಗೆ ಹಾಕುತ್ತಾ ಹೋದರೆ ಜನ ಬ್ಲಾಕ್ ಮಾಡಿ ರಿಪೋರ್ಟ್ ಮಾಡುತ್ತಾರೆ. ಕೊನೆಗೆ ನಿಮ್ಮ ವಾಟ್ಸಾಪ್ ಖಾತೆಯೇ ಹೋಗಬಹುದು.

ನಂಬರ್ ಸಿಕ್ಕಿತು ಅಂದುಕೊಳ್ಳೋಣ. ನಾನಾದರೆ ಹೀಗೆ ಬರೆಯುತ್ತೇನೆ:

"ನಮಸ್ಕಾರ ಡಾಕ್ಟ್ರೇ. ಗೂಗಲ್‌ನಲ್ಲಿ ನಿಮ್ಮ ಕ್ಲಿನಿಕ್ ಭಾನುವಾರ ತೆರೆದಿದೆ ಅಂತ ತೋರಿಸುತ್ತಿದೆ. ಫೋಟೊ ಕೆಳಗೆ ಹಾಕಿದ್ದೇನೆ. ಸರಿ ಮಾಡುವ ದಾರಿಯನ್ನೂ ಬರೆದಿದ್ದೇನೆ, ಐದು ನಿಮಿಷದ ಕೆಲಸ. ನಾನು ಕೊಪ್ಪಳದವಳು, ಊರಿನ ಮೂರು ಅಂಗಡಿಗಳ ಪೇಜ್ ನೋಡಿಕೊಳ್ಳುತ್ತೇನೆ. ನಿಮಗೆ ತಿಂಗಳಿಗೆ ಎಂಟು ಮಾಹಿತಿ ಪೋಸ್ಟ್ ಮಾಡಿಕೊಡಬಲ್ಲೆ. ಆಫರ್ ಇರುವುದಿಲ್ಲ, ರೋಗಿಗಳ ಫೋಟೊ ಇರುವುದಿಲ್ಲ. ನೀವು ಓದಿ ಒಪ್ಪಿದ ಮೇಲೆಯೇ ಹಾಕುತ್ತೇನೆ. ಒಂದು ತಿಂಗಳಿಗೆ ₹6,000. ಈ ವಾರ ಮಧ್ಯಾಹ್ನ ಹತ್ತು ನಿಮಿಷ ಬಂದು ತೋರಿಸಲೇ?"

ಮೊದಲ ಎರಡು ಸಾಲು ಅವರ ಬಗ್ಗೆ ಇವೆ ಅಲ್ವಾ? ಫೋನಿನ ಮೇಲೆ ಕಾಣುವುದು ಶುರುವಿನ ಮಾತು ಮಾತ್ರ. ಅಲ್ಲಿ "ನಾನು ಫ್ರೀಲ್ಯಾನ್ಸ್ ಮಾರ್ಕೆಟರ್" ಅಂತಿದ್ದರೆ ಅವರು ತೆರೆಯುವುದೇ ಇಲ್ಲ. "ನೀವು ಓದಿ ಒಪ್ಪಿದ ಮೇಲೆಯೇ" ಅನ್ನುವ ಮಾತನ್ನು ದಯವಿಟ್ಟು ಬಿಡಬೇಡಿ. ಚಿಕಿತ್ಸೆಯ ಬಗ್ಗೆ ಒಂದು ಸಾಲು ತಪ್ಪಾದರೆ ಹೊಣೆ ಡಾಕ್ಟರದ್ದು. ಆ ಭಯ ಅವರಿಗೆ ಇದ್ದೇ ಇರುತ್ತದೆ.

ಬೆಲೆಯನ್ನು ಮೊದಲೇ ಹೇಳುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ₹6,000 ಎಲ್ಲಿಂದ ಬಂತು ಅಂತ ನೀವು ವಿವರಿಸುವ ಹಾಗಿರಬೇಕು. ಕ್ಲಿನಿಕ್‌ಗೆ ಎರಡು ಭೇಟಿಗೆ ನಾಲ್ಕು ಗಂಟೆ. ಎಂಟು ಪೋಸ್ಟ್‌ಗೆ ಎಂಟು ಗಂಟೆ. ಇಪ್ಪತ್ತು ದಿನ ಕಾಲು ಕಾಲು ಗಂಟೆ ಕಾಮೆಂಟ್, ರಿವ್ಯೂ ನೋಡಿದರೆ ಐದು ಗಂಟೆ. ಒಟ್ಟು ಹದಿನೇಳು. ಗಂಟೆಗೆ ₹350 ಅಂತ ಹಿಡಿದರೆ ₹5,950 ಆಗುತ್ತದೆ.

ಭೇಟಿಗೆ ಹೋಗುವಾಗ ಒಂದು ಮಾದರಿ ಪೋಸ್ಟ್ ಒಯ್ಯಿರಿ. ನಮ್ಮ ಜಿಲ್ಲೆಗೆ ವಿಷಯ ಹುಡುಕಬೇಕಾಗಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಹಲ್ಲು ಒಸಡಿನೊಳಗೆ ಬೆಳೆಯುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಅಂಥ ನೀರು ಕುಡಿದ ಮಕ್ಕಳ ಹಲ್ಲಿನಲ್ಲಿ ಬಿಳಿ ಅಥವಾ ಕಂದು ಕಲೆ ಬರುತ್ತದೆ. ತಾಯಂದಿರು ಮಗು ಸರಿಯಾಗಿ ಹಲ್ಲುಜ್ಜಲ್ಲ ಅಂತ ಬೈಯುತ್ತಾರೆ. ಕಲೆ ಹಲ್ಲಿನ ಎನಾಮೆಲ್‌ನಲ್ಲೇ ಇರುತ್ತದೆ, ಉಜ್ಜಿದರೂ ಹೋಗಲ್ಲ, ಮಾಮೂಲಿ ಕ್ಲೀನಿಂಗ್ ಮಾಡಿಸಿದರೂ ಹೋಗಲ್ಲ. "ಇದು ಮಗುವಿನ ತಪ್ಪಲ್ಲ" ಅಂತ ಶುರುವಾಗುವ ನಾಲ್ಕು ಸಾಲಿನ ಪೋಸ್ಟ್ ತೋರಿಸಿ. ಡಾಕ್ಟರು ದಿನಾ ಬಾಯಲ್ಲಿ ಹೇಳುವ ಮಾತು ಅದು. ಅವರೇ ಪೆನ್ನು ತೆಗೆದು ತಿದ್ದತೊಡಗಿದರೆ ಕೆಲಸ ಅರ್ಧ ಸಿಕ್ಕಂತೆ.

ಒಪ್ಪಿದರೆ ಪಾಸ್‌ವರ್ಡ್ ಕೇಳಬೇಡಿ. ಗೂಗಲ್ ಪುಟದ ಮಾಲೀಕತ್ವ ಕ್ಲಿನಿಕ್‌ನ ಇಮೇಲ್‌ನಲ್ಲೇ ಇರಲಿ, ನಿಮ್ಮನ್ನು `Manager` ಆಗಿ ಸೇರಿಸಿಕೊಳ್ಳಲು ಹೇಳಿ. ರಿವ್ಯೂಗೆ ಉತ್ತರ ಬರೆಯುವಾಗ ಯಾರಿಗೆ ಯಾವ ಚಿಕಿತ್ಸೆ ಆಯಿತು ಅನ್ನುವುದನ್ನು ಎತ್ತಲೇಬೇಡಿ, ಅವರು ನಮ್ಮ ಪೇಷೆಂಟ್ ಅಂತಲೂ ಹೇಳಬೇಡಿ. "ಫೋನ್ ಎತ್ತಲ್ಲ" ಅಂದವರಿಗೆ "ನಿಮಗೆ ಆದ ತೊಂದರೆಗೆ ಕ್ಷಮಿಸಿ, ಬೆಳಿಗ್ಗೆ ಹತ್ತರ ನಂತರ ಈ ನಂಬರಿಗೆ ಕರೆ ಮಾಡಿ" ಅಂದರೆ ಸಾಕು. ರಿವ್ಯೂ ಬರೆದವರಿಗೆ ರಿಯಾಯಿತಿ ಕೊಡೋಣ ಅಂತ ಡಾಕ್ಟರೇ ಕೇಳಿದರೂ ಬೇಡ ಅನ್ನಿ. ಗೂಗಲ್ ಅದನ್ನು ಒಪ್ಪುವುದಿಲ್ಲ, ಅಂಥ ರಿವ್ಯೂಗಳನ್ನು ತೆಗೆದುಹಾಕಬಹುದು.

ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು ಒಂದೇ ಸಲ ಕೇಳಿ, ಆಗ ಆ ಫ್ಲೋರೈಡ್ ಪೋಸ್ಟನ್ನು ಜೊತೆಗೆ ಕಳಿಸಿ. ಆಮೇಲೂ ಸುಮ್ಮನಿದ್ದರೆ ಮುಂದಿನ ಕ್ಲಿನಿಕ್‌ನ ಗೂಗಲ್ ಪುಟ ತೆರೆಯಿರಿ.